ಪಳಗಿಸಿದ ಕಾವಲಿ

ಓದುಗರ ಪತ್ರ: ನನ್ನ ಹಾಸ್ಟೆಲ್ ಗೆಳತಿಯ ಮದುವೆ ಇನ್ನೆರಡು ತಿಂಗಳಲ್ಲಿದೆ. ನಾಲ್ಕು ವರ್ಷ ಒಂದೇ ರೂಮಿನಲ್ಲಿದ್ದವರು ನಾವು. ಭಾನುವಾರ ಬೆಳಗ್ಗೆ ದೋಸೆಗೆ ಅಂತ ಎಷ್ಟು ಸಲ ಸಾಲಿನಲ್ಲಿ ನಿಂತಿದ್ದೇವೋ ಲೆಕ್ಕವಿಲ್ಲ. ಏನು ಬೇಕು ಅಂತ ಕೇಳಿದರೆ "ಏನೂ ಬೇಡ ಕಣೇ, ನೀನು ಬಾ ಸಾಕು" ಅಂತಾಳೆ. ಕಾರ್ಡಿನಲ್ಲೂ "ಆಶೀರ್ವಾದವೇ ಉಡುಗೊರೆ" ಅಂತ ಹಾಕಿಸಿದ್ದಾರೆ. ಮದುವೆಯಾದ ಮೇಲೆ ಇಬ್ಬರೂ ಬೆಂಗಳೂರಿನಲ್ಲಿ ಬಾಡಿಗೆ ಮನೆ ಮಾಡುತ್ತಾರೆ. ನನ್ನ ಕೈಲಾಗುವುದು 1500 ರೂಪಾಯಿ. ಕವರ್ ಕೊಟ್ಟು ಫೋಟೋ ತೆಗೆಸಿಕೊಂಡು ಬರಲು ಮನಸ್ಸಿಲ್ಲ. ಏನು ಕೊಡಲಿ?
— ಒಬ್ಬ ಓದುಗರು, ಹಾಸನ

ಸಂಪಾದಕರ ಉತ್ತರ:

ಒಂದು ಬೀಡಿನ ಕಾವಲಿ ಕೊಡಿ. ಆದರೆ ಅಂಗಡಿಯಿಂದ ತಂದ ಹಾಗೇ ಕೊಡಬೇಡಿ. ಈ ಎರಡು ತಿಂಗಳು ನಿಮ್ಮ ಮನೆಯಲ್ಲೇ ಇಟ್ಟುಕೊಂಡು ಪಳಗಿಸಿ. ದೋಸೆ ತಾನಾಗಿ ಏಳುವ ಹಾಗಾದ ಮೇಲೆ ಕೊಡಿ.

ಯಾಕೆ ಅಂತ ಹೇಳುತ್ತೇನೆ. ಏನು ಬೇಕು ಅಂತ ಪಟ್ಟಿ ಮಾಡಿ ಕೊಡುವ ರೂಢಿ ನಮ್ಮಲ್ಲಿ ಇರಲೇ ಇಲ್ಲ. ನಮ್ಮಲ್ಲಿದ್ದದ್ದು ಮುಯ್ಯಿ. ಛತ್ರದ ಬಾಗಿಲ ಹತ್ತಿರ ಒಬ್ಬರು ನೋಟ್ ಪುಸ್ತಕ ಹಿಡಿದು ಕೂರುತ್ತಿದ್ದರು. ಇಂಥ ಊರಿನ ಇಂಥವರು, 101 ರೂಪಾಯಿ ಅಂತ ಬರೆದುಕೊಳ್ಳುತ್ತಿದ್ದರು. ಈಗಲೂ ಎಷ್ಟೋ ಕಡೆ ಹೀಗೇ ನಡೆಯುತ್ತದೆ. ಅದು ಬಲು ಜಾಣತನದ ಏರ್ಪಾಡು. ಮದುವೆ ಮನೆಯ ಖರ್ಚಿಗೆ ಊರೆಲ್ಲ ಕೈ ಹಾಕುತ್ತದೆ, ಆಮೇಲೆ ಅವರವರ ಮನೆಯ ಮದುವೆಯಲ್ಲಿ ಸ್ವಲ್ಪ ಸೇರಿಸಿ ವಾಪಸ್ಸು ಬರುತ್ತದೆ. ಪುಸ್ತಕ ಇಟ್ಟುಕೊಳ್ಳುವುದೇ ಅದಕ್ಕೆ. ನೀವು 1500 ಅನ್ನೂ ಕವರಿಗೆ ಹಾಕಿ ಕೊಟ್ಟರೆ ಅದೂ ಆ ಲೆಕ್ಕಕ್ಕೇ ಸೇರುತ್ತದೆ. ನಿಮ್ಮ ಮದುವೆಗೆ ಅವಳು 2000 ಹಾಕುತ್ತಾಳೆ, ಅಲ್ಲಿಗೆ ಮುಗಿಯಿತು. ನಿಮಗೆ ಬೇಕಿರುವುದು ಇದಲ್ಲ, ಅಲ್ವಾ?

ಅದೇ ದುಡ್ಡಿಗೆ ಅಂಗಡಿಯಲ್ಲಿ ಸಿಗುವ ಸಾಮಾನು ನಿಮಗೂ ಗೊತ್ತು. ಗೋಡೆ ಗಡಿಯಾರ, ಲೆಮನ್ ಸೆಟ್, ಉಗುರು ತಾಗಿದರೆ ತಗ್ಗು ಬೀಳುವ ಬೆಳ್ಳಿ ಬಟ್ಟಲು. ಜಾಸ್ತಿ ದುಡ್ಡಿರುವವರ ಜೊತೆ ಸಾಮಾನಿನಲ್ಲಿ ಪೈಪೋಟಿ ಮಾಡಿದರೆ ನಿಮ್ಮದು ಸೋಲುತ್ತದೆ. ಆದರೆ ಅವರ ಹತ್ತಿರ ಇಲ್ಲದ ಎರಡು ನಿಮ್ಮ ಹತ್ತಿರ ಇವೆ: ಎರಡು ತಿಂಗಳ ಬಿಡುವು, ಮತ್ತು ಅವಳಿಗೆ ದೋಸೆ ಎಷ್ಟು ಗರಿಗರಿ ಇರಬೇಕು ಅನ್ನುವ ತಿಳಿವಳಿಕೆ. ಪಳಗಿದ ಕಾವಲಿ ದುಡ್ಡಿಗೆ ಸಿಗುವುದಿಲ್ಲ. ಈಗ "ಸೀಸನ್ ಮಾಡಿದ್ದು" ಅಂತ ಮಾರುತ್ತಾರೆ, ನಿಜ. ಬೆಲೆಯೂ ಜಾಸ್ತಿ. ಆದರೆ ಅದು ಶುರು ಮಾತ್ರ. ಮೊದಲ ವಾರದ ದೋಸೆ ಅದರಲ್ಲೂ ಅಂಟುತ್ತದೆ.

ಪಳಗಿಸದೆ ಕೊಟ್ಟರೆ ಏನಾಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಕೆಲವು ವರ್ಷಗಳ ಹಿಂದೆ ನನ್ನ ಚಿಕ್ಕಮ್ಮನ ಮಗಳ ಮದುವೆಗೆ ಹೊಸ ಬೀಡಿನ ಕಾವಲಿಯನ್ನೇ ಬಣ್ಣದ ಕಾಗದ ಸುತ್ತಿ ಕೊಟ್ಟಿದ್ದೆ. ಒಳ್ಳೆ ಉಡುಗೊರೆ ಕೊಟ್ಟೆ ಅಂತ ಜಂಬ ಬೇರೆ. ವರ್ಷ ಬಿಟ್ಟು ಅವಳ ಮನೆಗೆ ಹೋದರೆ ಕಾವಲಿ ಬಾಲ್ಕನಿಯಲ್ಲಿತ್ತು. ಅದರ ಮೇಲೆ ಲೋಳೆಸರದ ಕುಂಡ. ಕುಂಡದ ನೀರು ಇಳಿದು ಸುತ್ತಲೂ ಕೆಂಪು ತುಕ್ಕು. "ಅಕ್ಕ, ಮೂರು ಸಲ ಹುಯ್ದೆ, ಮೂರು ಸಲವೂ ಕೆರೆದು ತೆಗೆಯಬೇಕಾಯ್ತು" ಅಂದಳು. ಅವಳ ತಪ್ಪೇನಿಲ್ಲ. ಹೊಸ ಸಂಸಾರ, ಇಬ್ಬರಿಗೂ ಕೆಲಸ, ಬೆಳಗ್ಗೆ ಎಂಟಕ್ಕೆ ಬಸ್ಸು. ನಾನು ಕೊಟ್ಟದ್ದು ಕಾವಲಿ ಅಲ್ಲ, ಒಂದು ತಿಂಗಳ ಕೆಲಸ.

ಈಗ ಕೊಳ್ಳುವ ವಿಷಯ. ಪಾತ್ರೆ ಅಂಗಡಿಗೆ ನೀವೇ ಹೋಗಿ, ಕೈಯಲ್ಲಿ ಹಿಡಿದು ನೋಡಿ ತನ್ನಿ. ಮನೆಯ ಒಲೆಗೆ 11 ಇಂಚು ಸಾಕು. ಇನ್ನೂ ದೊಡ್ಡದಾದರೆ ಉರಿ ಅಂಚಿಗೆ ಮುಟ್ಟುವುದಿಲ್ಲ, ನಡುವೆ ಸೀದು ಸುತ್ತಲೂ ಬಿಳಿ ಉಳಿಯುತ್ತದೆ. ಸಾಮಾನ್ಯವಾಗಿ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಒಳ್ಳೆಯದೇ ಸಿಗುತ್ತದೆ. ಅಂಗಡಿಯ ನೆಲದ ಮೇಲೆ ಇಟ್ಟು ಒಂದು ಬದಿ ಒತ್ತಿ, ಅಲ್ಲಾಡಬಾರದು. ಎತ್ತಿ ಹಿಡಿದು ಬೆರಳ ಗೆಣ್ಣಿನಿಂದ ತಟ್ಟಿ. ಠಣ್ ಅಂತ ಸದ್ದು ಉಳಿದರೆ ಸರಿ. ಡಬ್ ಅಂತ ಸತ್ತ ಸದ್ದು ಬಂದರೆ ಎಲ್ಲೋ ಸೀಳಿದೆ ಅಂತ ಅರ್ಥ. ಬೀಡು ಗಟ್ಟಿಯೇ, ಆದರೆ ಬಾಗುವುದಿಲ್ಲ, ಒಡೆಯುತ್ತದೆ. ಮೇಲೆ ಕೈ ಆಡಿಸಿ ನೋಡಿ. ಸಣ್ಣ ಮರಳಿನ ಹಾಗೆ ತರಿತರಿ ಇದ್ದರೆ ಪರವಾಗಿಲ್ಲ, ಗುಳಿ ಇರಬಾರದು.

ಗೆಳತಿಯ ಬಾಡಿಗೆ ಮನೆಯಲ್ಲಿ ಗ್ಯಾಸ್ ಇದೆಯೋ, ಬರೀ ಇಂಡಕ್ಷನ್ನೋ ಅಂತ ಸುಮ್ನೆ ಮಾತಿನ ಮಧ್ಯೆ ಕೇಳಿಕೊಳ್ಳಿ. ಇಂಡಕ್ಷನ್ ಮೇಲೂ ಬೀಡು ಕಾಯುತ್ತದೆ. ಆದರೆ ತಳ ಪೂರ್ತಿ ಸಪಾಟಾಗಿರಬೇಕು, ನಿಧಾನ ಕಾಯಿಸಬೇಕು.

ತಂದ ದಿನವೇ ಸೋಪು ಹಾಕಿ, ತೆಂಗಿನ ನಾರಿನಿಂದ ಗಸಗಸ ಉಜ್ಜಿ. ಕರಿ ನೀರು ಇಳಿಯುತ್ತದೆ. ಅದು ನಿಲ್ಲುವವರೆಗೂ ತೊಳೆಯಿರಿ. ಆಮೇಲೆ ಅಕ್ಕಿ ತೊಳೆದ ನೀರು ಅಥವಾ ಗಂಜಿ ತುಂಬಿದ ಅಗಲ ಪಾತ್ರೆಯಲ್ಲಿ ರಾತ್ರಿ ಮುಳುಗಿಸಿಡಿ. ನಮ್ಮ ಮನೆಯಲ್ಲಿ ಇದನ್ನು ಮೂರು ರಾತ್ರಿ ಮಾಡುತ್ತೇವೆ, ದಿನಾ ನೀರು ಬದಲಿಸಿ. ಬೆಳಗ್ಗೆ ಒಂದಿಷ್ಟು ತುಕ್ಕು ಕಾಣುತ್ತದೆ, ಗಾಬರಿ ಬೇಡ. ಉಜ್ಜಿ ತೊಳೆದು, ಒರೆಸಿ, ತಕ್ಷಣ ಸಣ್ಣ ಉರಿಯ ಮೇಲಿಟ್ಟು ಒಣಗಿಸಿ. ಬಟ್ಟೆಯಲ್ಲಿ ಒರೆಸಿದ್ದೇನೆ ಅಂತ ಬಿಟ್ಟರೆ ಅರ್ಧ ಗಂಟೆಯಲ್ಲೇ ಮತ್ತೆ ಕೆಂಪಾಗುತ್ತದೆ.

ಇನ್ನು ಎಣ್ಣೆ. ಎಲ್ಲರೂ ಎಡವುವುದು ಇಲ್ಲೇ. ಒಂದು ಚಮಚ ಕಡಲೆಕಾಯಿ ಎಣ್ಣೆ ಅಥವಾ ಸೂರ್ಯಕಾಂತಿ ಎಣ್ಣೆ ಸಾಕು. ಮೇಲೆ, ಕೆಳಗೆ, ಹಿಡಿಗೆ, ಎಲ್ಲಕ್ಕೂ ಹಚ್ಚಿ. ಆಮೇಲೆ ತಪ್ಪಿ ಚೆಲ್ಲಿದ ಎಣ್ಣೆಯನ್ನು ಒರೆಸುವ ಹಾಗೆ ಒಣ ಬಟ್ಟೆಯಿಂದ ಪೂರ್ತಿ ಒರೆಸಿಬಿಡಿ. ಏನೂ ಉಳಿದಿಲ್ಲ ಅನ್ನಿಸಬೇಕು. ಆ ಉಳಿದ ಪಸೆಯೇ ಸಾಕು. ಕಿಟಕಿ ತೆಗೆದಿಟ್ಟು, ನಡು ಉರಿಯಲ್ಲಿ ಹೊಗೆ ಏಳುವವರೆಗೆ ಕಾಯಿಸಿ. ಹೊಗೆ ನಿಂತ ಮೇಲೆ ಒಲೆ ಆರಿಸಿ, ಅಲ್ಲೇ ತಣ್ಣಗಾಗಲು ಬಿಡಿ. ಅಷ್ಟು ಕಾವಿನಲ್ಲಿ ಎಣ್ಣೆ ಎಣ್ಣೆಯಾಗಿ ಉಳಿಯುವುದಿಲ್ಲ. ಗಟ್ಟಿ ಪೊರೆಯಾಗಿ ಕಬ್ಬಿಣಕ್ಕೆ ಕೂತುಬಿಡುತ್ತದೆ. ದೋಸೆ ಅಂಟದಿರುವುದು ಆ ಪೊರೆಯಿಂದ. ಎಣ್ಣೆ ದಪ್ಪಗೆ ಬಿಟ್ಟರೆ ಪೊರೆ ಆಗದೆ ಅಂಟಂಟು ಜಿಡ್ಡಾಗುತ್ತದೆ. ಮುಟ್ಟಿದರೆ ಬೆರಳು ಹಿಡಿಯುತ್ತದೆ. ಹಾಗಾದರೆ ಉಜ್ಜಿ ತೆಗೆದು ಮತ್ತೆ ಶುರು ಮಾಡಬೇಕು. ಕೊಬ್ಬರಿ ಎಣ್ಣೆ ಈ ಕೆಲಸಕ್ಕೆ ಬೇಡ, ಅದು ಅಷ್ಟು ಚೆನ್ನಾಗಿ ಪೊರೆ ಕಟ್ಟುವುದಿಲ್ಲ.

ಹೀಗೆ ದಿನಕ್ಕೊಂದು ಸಲ, ಐದಾರು ದಿನ. ಬೂದು ಬಣ್ಣದ ಕಾವಲಿ ಮೊದಲು ಕಂದಾಗಿ, ಆಮೇಲೆ ಕಪ್ಪಾಗುತ್ತದೆ. ಈಗ ಈರುಳ್ಳಿಯನ್ನು ಅಡ್ಡಕ್ಕೆ ಕೊಯ್ದು, ಅರ್ಧವನ್ನು ಫೋರ್ಕಿಗೆ ಚುಚ್ಚಿ, ಎಣ್ಣೆಯಲ್ಲಿ ಅದ್ದಿ ಬಿಸಿ ಕಾವಲಿಗೆ ತಿಕ್ಕಿ. ಮೊದಲಿಗೆ ಉತ್ತಪ್ಪ ಹುಯ್ಯಿರಿ, ಸುತ್ತಲೂ ಎಣ್ಣೆ ಧಾರಾಳವಾಗಿ ಬಿಡಿ. ಮೊದಲ ಎರಡು ಮೂರು ಅಂಟುತ್ತವೆ, ಕಾಗೆಗೆ ಹಾಕಿ. ತೆಳು ದೋಸೆಗೆ ಆತುರ ಬೇಡ. ವಾರಕ್ಕೆ ಎರಡು ಮೂರು ದಿನ ನೀವೇ ದೋಸೆ ಮಾಡಿಕೊಂಡು ತಿನ್ನಿ. ಐದನೇ ವಾರಕ್ಕೆ ತೆಳ್ಳಗೆ ಹುಯ್ದು ನೋಡಿ. ಅಂಚು ಕೆಂಪಾಗಿ, ಸಟ್ಟುಗ ತಾಗುವ ಮೊದಲೇ ತಾನಾಗಿ ಮೇಲೆದ್ದರೆ ಕಾವಲಿ ಪಳಗಿತು. ಕೊಡುವ ಮುಂಚೆ ಬಿಳಿ ಬಟ್ಟೆಯಿಂದ ಒರೆಸಿ. ಕೆಂಪು ಕಲೆ ಬಂದರೆ ತುಕ್ಕು ಇನ್ನೂ ಇದೆ ಅಂತ.

ಒಂದು ಅಡ್ಡಿ ಬರಬಹುದು. ಕಬ್ಬಿಣ ಉಡುಗೊರೆ ಕೊಡಬಾರದು ಅನ್ನುವ ಹಿರಿಯರಿದ್ದಾರೆ. ಶನಿಗೆ ಸಂಬಂಧಿಸಿದ್ದು ಅಂತ ಶನಿವಾರ ಕಬ್ಬಿಣ ಮನೆಗೆ ತರದವರೂ ಇದ್ದಾರೆ. ನನಗೆ ಇದರಲ್ಲಿ ನಂಬಿಕೆ ಇಲ್ಲ. ಆದರೆ ಮದುವೆ ಮನೆಯಲ್ಲಿ ವಾದಕ್ಕೆ ನಿಲ್ಲಬಾರದು. ನಮ್ಮ ಅಜ್ಜಿ ಇದಕ್ಕೆ ಒಂದು ದಾರಿ ಇಟ್ಟಿದ್ದರು. ಕೊಡುವಾಗ ಒಂದು ರೂಪಾಯಿ ಇಸಿದುಕೊಂಡುಬಿಡುತ್ತಿದ್ದರು. ಆಗ ಅದು ಉಡುಗೊರೆ ಅಲ್ಲ, ವ್ಯಾಪಾರ. ನೀವೂ ಅವಳಿಂದ ಒಂದು ರೂಪಾಯಿ ಕೇಳಿ ತಗೊಳ್ಳಿ. ಶನಿವಾರ ಮಾತ್ರ ಬೇಡ.

ಕಾವಲಿಯನ್ನು ಆರತಕ್ಷತೆಗೆ ಹೊತ್ತುಕೊಂಡು ಹೋಗಬೇಡಿ. ವೇದಿಕೆ ಹತ್ತುವ ಸಾಲಿನಲ್ಲಿ ಎರಡು ಮೂರು ಕೆಜಿ ಕಬ್ಬಿಣ ಹಿಡಿದು ಒಂದು ಗಂಟೆ ನಿಲ್ಲುವುದು ಬೇಡ. ಅಲ್ಲಿ 101 ರೂಪಾಯಿಯ ಕವರ್ ಕೊಡಿ. ಪುಸ್ತಕದಲ್ಲಿ ನಿಮ್ಮ ಹೆಸರೂ ಇರಲಿ. ಅವರು ಮನೆ ಮಾಡಿದ ಮೇಲೆ ಒಂದು ಭಾನುವಾರ ಹೇಳಿ ಹೋಗಿ. ಕಾವಲಿಯನ್ನು ಹಳೇ ಕಾಟನ್ ಪಂಚೆಯಲ್ಲಿ ಸುತ್ತಿ. ಆಮೇಲೆ ಅದೇ ಒರೆಸುವ ಬಟ್ಟೆ ಆಗುತ್ತದೆ. ಜೊತೆಗೆ ಒಂದು ಚಪ್ಪಟೆ ತಳದ ಸೌಟು, ಒಂದು ಸಟ್ಟುಗ, ಸ್ಟೀಲ್ ಡಬ್ಬಿಯಲ್ಲಿ ಹುದುಗಿದ ಹಿಟ್ಟು, ಇನ್ನೊಂದರಲ್ಲಿ ಚಟ್ನಿ. ಡಬ್ಬಿ ಮುಕ್ಕಾಲು ಮಾತ್ರ ತುಂಬಿ, ಇಲ್ಲದಿದ್ದರೆ ಹಾಸನದಿಂದ ಬೆಂಗಳೂರು ಮುಟ್ಟುವಷ್ಟರಲ್ಲಿ ಹಿಟ್ಟು ಬ್ಯಾಗಿನಲ್ಲಿರುತ್ತದೆ. ಎಲ್ಲ ಸೇರಿ ನಿಮ್ಮ 1500ರ ಒಳಗೇ ಆಗುತ್ತದೆ. ಮೊದಲ ದೋಸೆ ನೀವು ಹುಯ್ಯಿರಿ, ಎರಡನೆಯದಕ್ಕೆ ಸೌಟನ್ನು ಗಂಡನ ಕೈಗೆ ಕೊಡಿ. ಅವನಿಗೂ ಬರಲಿ.

ಅವರು ಮನೆಯಲ್ಲಿ ಒಲೆ ಹಚ್ಚುವುದೇ ಅಪರೂಪ ಅಂತಾದರೆ ಈ ಯೋಚನೆ ಬಿಡಿ. ಕಾವಲಿ ವಾರಕ್ಕೊಂದು ಸಲವಾದರೂ ಒಲೆ ಕಾಣಬೇಕು.

ಒಂದು ಚೀಟಿ ಬರೆದಿಡಿ. ಇದರಲ್ಲಿ ಚಪಾತಿ ಬೇಡ, ಎಣ್ಣೆ ಇಲ್ಲದೆ ಕಾಯಿಸಿ ಕಾಯಿಸಿ ಪೊರೆ ಸುಟ್ಟುಹೋಗುತ್ತದೆ. ಹುಣಸೆಹಣ್ಣು ಹಾಕಿ ಉಜ್ಜಬೇಡ, ಹುಳಿ ಪೊರೆಯನ್ನು ಎಬ್ಬಿಸುತ್ತದೆ. ಬಿಸಿ ಇರುವಾಗ ತಣ್ಣೀರು ಸುರಿಯಬೇಡ, ಸೀಳುತ್ತದೆ. ತೊಳೆದ ಮೇಲೆ ಒಲೆಯ ಮೇಲೆ ಒಣಗಿಸಿ ಎರಡು ಹನಿ ಎಣ್ಣೆ ಸವರಿಡು. ಕೊನೆಗೆ, ತುಕ್ಕು ಬಂದರೆ ಫೋನ್ ಮಾಡು ಅಂತ ಬರೆಯಿರಿ. ಮೊದಲ ಮಳೆಗಾಲದಲ್ಲಿ ಬಂದೇ ಬರುತ್ತದೆ, ಫೋನೂ ಬರುತ್ತದೆ.