ಅತಿಥಿಗಳ ಅಭಿಪ್ರಾಯ ಪತ್ರ: ಅಂಕ ಬೇಡ, ನಡೆದದ್ದನ್ನು ಕೇಳಿ

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮದು ನಾಲ್ಕು ಕೋಣೆಗಳ ಹೋಂಸ್ಟೇ. ಹೊರಡುವ ಅತಿಥಿಗಳಿಗೆ ಗೂಗಲ್ ಫಾರ್ಮ್‌ನ ಲಿಂಕ್ ಕಳಿಸುತ್ತೇವೆ. "ಊಟ ಮತ್ತು ಸೇವೆ ಹೇಗಿತ್ತು?", "ಬಿಸಿನೀರಿನ ವ್ಯವಸ್ಥೆ ತೃಪ್ತಿಕರವಾಗಿತ್ತೇ?", "ಯಾವುದೇ ತೊಂದರೆ ಆಗಲಿಲ್ಲ ಅಲ್ಲವೇ?" ಅಂತ ಕೇಳಿದ್ದೇವೆ. ಅದನ್ನೇ ಹಿಂದಿ, ಇಂಗ್ಲಿಷ್‌ಗೂ ಮಾಡಿಸಿದ್ದೇವೆ. ಬರುವ ಉತ್ತರ "ಸೂಪರ್", "ಓಕೆ", "ಪರವಾಗಿಲ್ಲ", "ಯೆಸ್". ಇದನ್ನು ಇಟ್ಟುಕೊಂಡು ಏನು ಸರಿಮಾಡಬೇಕು ಅಂತ ಗೊತ್ತಾಗುತ್ತಿಲ್ಲ. ಪ್ರಶ್ನೆಗಳನ್ನು ಹೇಗೆ ಬರೆಯಬೇಕು?

ಉತ್ತರ: ಮೊದಲು ಮೂರನೆಯ ಪ್ರಶ್ನೆಯನ್ನು ತೆಗೆದುಹಾಕಿ. ಅದರ ಅಡಿಯಲ್ಲಿ ಈವರೆಗೆ ಬಂದ ಉತ್ತರಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. "ತೊಂದರೆ ಆಗಲಿಲ್ಲ ಅಲ್ಲವೇ?" ಎಂದರೆ ಕನ್ನಡದವರು "ಹೌದು" ಎನ್ನುವುದು "ಹೌದು, ಆಗಲಿಲ್ಲ" ಎಂಬ ಅರ್ಥದಲ್ಲಿ. ಇಂಗ್ಲಿಷಿನಲ್ಲಿ ಓದಿದವರ "ಯೆಸ್" ತೊಂದರೆ ಆಯಿತು ಎಂದೂ ಇರಬಹುದು, ಆಗಲಿಲ್ಲ ಎಂದೂ ಇರಬಹುದು. "ನೋ" ಎಂದವರ ಕಥೆಯೂ ಅಷ್ಟೇ. ಇಲ್ಲ, ಅಲ್ಲ, ಬೇಡ ಎಂಬ ನಿಷೇಧ ಪ್ರಶ್ನೆಯಲ್ಲಿ ಸೇರಿದರೆ ಭಾಷೆ ದಾಟುವಾಗ ಉತ್ತರ ತಲೆಕೆಳಗಾಗುತ್ತದೆ, ಆಮೇಲೆ ಅದನ್ನು ಸರಿಪಡಿಸಲು ದಾರಿಯಿಲ್ಲ. ಅದೂ ಅಲ್ಲದೆ, ಆ ಪ್ರಶ್ನೆ ಅತಿಥಿಯನ್ನು ಏನೂ ಕೇಳುತ್ತಿಲ್ಲ, "ಇಲ್ಲ ಬಿಡಿ" ಅನ್ನಿಸಿಕೊಳ್ಳಲು ಕಾಯುತ್ತಿದೆ.

ಮೊದಲ ಪ್ರಶ್ನೆಯ ದೋಷ ಸಣ್ಣದು. ಊಟ, ಸೇವೆ ಎರಡನ್ನೂ ಒಟ್ಟಿಗೆ ಕೇಳಿದ್ದೀರಿ. ಕೋಳಿಸಾರು ಚೆನ್ನಾಗಿತ್ತು, ಆದರೆ ಬಡಿಸಲು ರಾತ್ರಿ ಹತ್ತಾಯಿತು ಎನ್ನುವವರು ಯಾವ ಗುಂಡಿ ಒತ್ತಬೇಕು? ಬೇರೆಬೇರೆ ಕೇಳಿದರೆ ಮುಗಿಯಿತು.

ನಿಜವಾದ ತೊಡಕು ಇರುವುದು ಎರಡನೆಯದರಲ್ಲಿ, ಅಂದರೆ "ತೃಪ್ತಿಕರ", "ಉತ್ತಮ", "ಪರವಾಗಿಲ್ಲ" ಎಂಬ ದರ್ಜೆಗಳಲ್ಲಿ. "ಪರವಾಗಿಲ್ಲ" ಎನ್ನುವುದು ಒಬ್ಬರ ಬಾಯಲ್ಲಿ ಮೆಚ್ಚುಗೆ, ಇನ್ನೊಬ್ಬರ ಬಾಯಲ್ಲಿ ಮರ್ಯಾದೆಯ ದೂರು. ಹಿಂದಿಯ "ಠೀಕ್ ಹೈ" ಕೂಡ ಹೇಳುವವರ ದನಿಯ ಮೇಲೆ ಹೋಗುತ್ತದೆ, ಫಾರ್ಮ್‌ನಲ್ಲಿ ದನಿ ಕೇಳಿಸುವುದಿಲ್ಲ. ಇಂಗ್ಲಿಷಿನ "ಫೇರ್" ಅನ್ನು ಕೆಲವರು ಸಾಧಾರಣ ಎಂದು, ಕೆಲವರು ಸಾಕಷ್ಟು ಚೆನ್ನಾಗಿದೆ ಎಂದು ಓದುತ್ತಾರೆ. ಐದು ಮೆಟ್ಟಿಲುಗಳನ್ನು ಮೂರು ಭಾಷೆಗಳಲ್ಲಿ ಸಮನಾಗಿ ಜೋಡಿಸುವುದು ನುರಿತ ಅನುವಾದಕರಿಗೂ ಕಷ್ಟ. ಜೋಡಿಸಿದಿರಿ ಎಂದೇ ಇಟ್ಟುಕೊಳ್ಳಿ, "ಬಿಸಿನೀರಿಗೆ ಐದಕ್ಕೆ ಮೂರು" ಎಂದು ತಿಳಿದ ಮೇಲೆ ನಾಳೆ ಬೆಳಿಗ್ಗೆ ಪ್ಲಂಬರನ್ನು ಕರೆಯುತ್ತೀರೋ ಎಲೆಕ್ಟ್ರಿಷಿಯನ್ನನ್ನೋ?

ಆದ್ದರಿಂದ ದರ್ಜೆ ಕೇಳುವುದನ್ನು ಬಿಟ್ಟು ನಡೆದದ್ದನ್ನು ಕೇಳಿ. ಬಿಸಿನೀರಿನ ಪ್ರಶ್ನೆಯನ್ನು ನಾನಾದರೆ ಹೀಗೆ ಬರೆಯುತ್ತೇನೆ:

ಬೆಳಿಗ್ಗೆ ಸ್ನಾನಕ್ಕೆ ನಲ್ಲಿ ತಿರುಗಿಸಿದಾಗ ಬಿಸಿನೀರು ಹೇಗೆ ಬಂತು?
A – ತಕ್ಷಣ ಬಂತು
B – ಸ್ವಲ್ಪ ಹೊತ್ತು ತಣ್ಣೀರು ಹರಿದ ಮೇಲೆ ಬಂತು
C – ಉಗುರುಬೆಚ್ಚಗೆ ಮಾತ್ರ ಬಂತು, ಅಥವಾ ನಡುವೆ ಮುಗಿದುಹೋಯಿತು
D – ಬರಲೇ ಇಲ್ಲ
E – ನಾನು ಬಿಸಿನೀರು ಬಳಸಲಿಲ್ಲ

ಇಲ್ಲಿ ಪ್ರತಿ ಉತ್ತರದ ಹಿಂದೆ ಬೇರೆಯೇ ಕೆಲಸವಿದೆ. B ಹೆಚ್ಚು ಬಂದರೆ ಗೀಸರ್ ಅಥವಾ ಸೋಲಾರ್ ಟ್ಯಾಂಕಿನಿಂದ ನಲ್ಲಿಯವರೆಗಿನ ಪೈಪು ಉದ್ದವಾಗಿದೆ, ಅದರೊಳಗೆ ರಾತ್ರಿಯಿಡೀ ನಿಂತ ನೀರು ಮೊದಲು ಬರುತ್ತಿದೆ. ಪೈಪಿಗೆ ಶಾಖನಿರೋಧಕ ಸುತ್ತಿದರೆ ಒಬ್ಬರ ಹಿಂದೆ ಒಬ್ಬರು ಸ್ನಾನಕ್ಕೆ ಹೋಗುವಾಗ ಕಾಯುವುದು ಕಡಿಮೆಯಾಗುತ್ತದೆ. ಬೆಳಗಿನ ಮೊದಲ ಸ್ನಾನಕ್ಕೆ ಅದರಿಂದ ಹೆಚ್ಚು ಉಪಯೋಗವಿಲ್ಲ, ಅಲ್ಲಿ "ಒಂದೆರಡು ಬಕೆಟ್ ಬಿಡಿ" ಎಂಬ ಚೀಟಿಯೇ ಮದ್ದು. C ಹೆಚ್ಚಾದರೆ ಟ್ಯಾಂಕಿನ ಅಳತೆ ಸಾಲದು, ಅಥವಾ ಮಲೆನಾಡಿನ ಮಳೆಗಾಲದಲ್ಲಿ ಸೋಲಾರ್ ಕಾಯುತ್ತಿಲ್ಲ. D ಬಂದರೆ ಕರೆಂಟು ಹೋಗಿತ್ತೇ, ಕಾಯಿಲ್ ಸುಟ್ಟಿದೆಯೇ ಎಂದು ಆ ದಿನವೇ ನೋಡಬೇಕು. E ಇಲ್ಲದಿದ್ದರೆ ಬಿಸಿನೀರು ಮುಟ್ಟದವರೂ ಏನೋ ಒಂದನ್ನು ಒತ್ತಿ ಲೆಕ್ಕ ಕೆಡಿಸುತ್ತಾರೆ. ಅನುವಾದವೂ ಸುಲಭ. ತಣ್ಣೀರು ಹರಿದ ಮೇಲೆ ಬಿಸಿನೀರು ಬಂತು ಎನ್ನುವುದು ಯಾವ ಭಾಷೆಯಲ್ಲಾದರೂ ಒಂದೇ ಘಟನೆ. "ತೃಪ್ತಿಕರ" ಹಾಗಲ್ಲ.

ಹೊಸ ಪ್ರಶ್ನೆ ಸೇರಿಸುವ ಮೊದಲು ಪ್ರತಿ ಆಯ್ಕೆಯ ಪಕ್ಕದಲ್ಲಿ "ಇದು ಬಂದರೆ ನಾವು ಏನು ಮಾಡುತ್ತೇವೆ" ಎಂದು ಪೆನ್ಸಿಲಿನಲ್ಲಿ ಬರೆದುನೋಡಿ. ಎರಡು ಆಯ್ಕೆಗಳಿಗೆ ಒಂದೇ ಕೆಲಸ ಬಂದರೆ ಅವನ್ನು ಕೂಡಿಸಿ. ಯಾವುದಕ್ಕೂ ಏನೂ ಬರೆಯಲಾಗದಿದ್ದರೆ ಆ ಪ್ರಶ್ನೆಯೇ ಬೇಡ. "ನಮ್ಮನ್ನು ಸ್ನೇಹಿತರಿಗೆ ಶಿಫಾರಸು ಮಾಡುವಿರಾ, 0ಯಿಂದ 10ರೊಳಗೆ ಹೇಳಿ" ಎಂಬ ಪ್ರಶ್ನೆ ಈ ಪರೀಕ್ಷೆಯಲ್ಲಿ ಉಳಿಯುವುದಿಲ್ಲ. 9 ಮತ್ತು 10 ಕೊಟ್ಟವರ ಶೇಕಡಾವಾರಿನಿಂದ 0ಯಿಂದ 6 ಕೊಟ್ಟವರ ಶೇಕಡಾವಾರನ್ನು ಕಳೆಯುವ ಲೆಕ್ಕ ಅದು. ತಿಂಗಳಿಗೆ 20 ಉತ್ತರ ಬರುವ ಮನೆಯಲ್ಲಿ ಒಬ್ಬರೇ ಒಬ್ಬರು 6ರ ಬದಲು 9 ಒತ್ತಿದರೆ ನಿಮ್ಮ ಅಂಕ 10 ಏರುತ್ತದೆ. ದೊಡ್ಡ ಹೋಟೆಲ್ ಸರಪಳಿಗಳು ಅದನ್ನು ಇಟ್ಟುಕೊಳ್ಳಲಿ.

ಊಟಕ್ಕೆ ಬಂದರೆ, ಹೊರಗಿನವರಿಂದ ನಿಮಗೆ ಸಿಗುವ ಮುಖ್ಯ ತಕರಾರು ಖಾರದ್ದೇ ಇರಬೇಕು. "ಊಟ" ಎಂದಷ್ಟೇ ಬರೆಯದೆ "ನೀವು ಬಂದ ದಿನದ ರಾತ್ರಿಯ ಊಟ" ಎಂದು ಬರೆಯಿರಿ. ಇಲ್ಲದಿದ್ದರೆ ಒಬ್ಬರು ಮಧ್ಯಾಹ್ನದ್ದನ್ನೂ ಇನ್ನೊಬ್ಬರು ಬೆಳಗಿನ ಅಕ್ಕಿರೊಟ್ಟಿಯನ್ನೂ ನೆನೆದುಕೊಂಡು ಉತ್ತರಿಸುತ್ತಾರೆ. "ನಿನ್ನೆ" ಎಂದೂ ಬೇಡ, ಅವರು ಫಾರ್ಮ್ ತೆರೆಯುವ ಹೊತ್ತಿಗೆ ನಿನ್ನೆ ಯಾವುದೋ. ಇಂಗ್ಲಿಷಿನಲ್ಲಿ "ಸ್ಪೈಸಿ" ಎಂದರೆ ಮಸಾಲೆಯೂ ಆಗುತ್ತದೆ, ಹಾಗಾಗಿ ಅಲ್ಲಿ ಮೆಣಸಿನಕಾಯಿಯ ಖಾರ ಎಂದು ಬಿಡಿಸಿ ಹೇಳಬೇಕು. ಹಿಂದಿಯಲ್ಲಿ "ತೀಖಾ" ಸಾಕು. ಆಯ್ಕೆಗಳು: ನನಗೆ ಬೇಕಾದುದಕ್ಕಿಂತ ಕಡಿಮೆ, ಸರಿಯಾಗಿತ್ತು, ನನಗೆ ಬೇಕಾದುದಕ್ಕಿಂತ ಹೆಚ್ಚು, ಆ ಊಟ ಮಾಡಲಿಲ್ಲ.

ಈ ತರಹದ ಪ್ರಶ್ನೆಯಲ್ಲಿ ಒಳ್ಳೆಯ ಉತ್ತರ ನಡುವೆ ಇರುತ್ತದೆ, ಆದ್ದರಿಂದ ಸರಾಸರಿ ತೆಗೆಯಬಾರದು. 30 ಜನರಲ್ಲಿ 10 ಜನ ಕಡಿಮೆ, 10 ಜನ ಸರಿ, 10 ಜನ ಹೆಚ್ಚು ಎಂದರು ಅಂದುಕೊಳ್ಳಿ. 1, 2, 3 ಎಂದು ಅಂಕ ಕೊಟ್ಟು ಸರಾಸರಿ ತೆಗೆದರೆ ಸರಿಯಾಗಿ 2 ಬರುತ್ತದೆ. ಖಾರ ಹದವಾಗಿದೆ ಎಂದು ನೀವು ಸಮಾಧಾನಪಡುತ್ತೀರಿ, ಇತ್ತ ಮೂರರಲ್ಲಿ ಎರಡು ಪಾಲು ಜನ ಸರಿಯಾಗಿ ಉಂಡೇ ಇಲ್ಲ. ಬದಲಿಗೆ ಮೂರನ್ನೂ ಬೇರೆಬೇರೆ ಎಣಿಸಿ, ಆಮೇಲೆ ಭಾಷೆವಾರು ನೋಡಿ. ಹಿಂದಿಯಲ್ಲಿ ತುಂಬಿದವರು ಹೆಚ್ಚು ಎನ್ನುತ್ತಿದ್ದು ಕನ್ನಡದವರು ಕಡಿಮೆ ಎನ್ನುತ್ತಿದ್ದರೆ ಅಡುಗೆಯವರನ್ನು ದೂರಬೇಕಿಲ್ಲ. ಸಾರಿನ ಖಾರ ಸ್ವಲ್ಪ ಇಳಿಸಿ, ಗಾಂಧಾರಿ ಮೆಣಸಿನ ಚಟ್ನಿಯನ್ನು ಮೇಜಿನ ಮೇಲೆ ಬೇರೆ ಇಟ್ಟರೆ ಇಬ್ಬರೂ ಉಣ್ಣುತ್ತಾರೆ. ಆದರೆ ಭಾಷೆಯನ್ನು ಊರು ಎಂದುಕೊಳ್ಳಬೇಡಿ. ಬೆಂಗಳೂರಿನಿಂದ ಬರುವವರಲ್ಲಿ ಎಲ್ಲ ಕಡೆಯವರೂ ಇಂಗ್ಲಿಷನ್ನೇ ಒತ್ತುತ್ತಾರೆ.

A, B, C ಎಂದು ಅಕ್ಷರ ಹಾಕಿದ್ದಕ್ಕೂ ಕಾರಣವಿದೆ. 1, 2, 3 ಎಂದು ಹಾಕಿದರೆ ಕೆಲವರಿಗೆ 1 ಎಂದರೆ ಮೊದಲ ದರ್ಜೆ, ಕೆಲವರಿಗೆ ಅತಿ ಕಡಿಮೆ ಅಂಕ. ಅಕ್ಷರಕ್ಕೆ ಆ ಕಾಟವಿಲ್ಲ, ಸರಾಸರಿ ತೆಗೆಯುವ ಆಸೆಯೂ ಬರುವುದಿಲ್ಲ. ಮೂರು ಭಾಷೆಯಲ್ಲೂ ಅದೇ ಆಯ್ಕೆಗೆ ಅದೇ ಅಕ್ಷರ ಇರುವುದರಿಂದ ಉತ್ತರಗಳನ್ನು ಅನುವಾದಿಸುವ ಕೆಲಸವೇ ಉಳಿಯುವುದಿಲ್ಲ.

ಗೂಗಲ್ ಫಾರ್ಮ್‌ನಲ್ಲಿ ಮೊದಲ ಪ್ರಶ್ನೆ ಭಾಷೆಯದಾಗಲಿ, ಪ್ರತಿ ಭಾಷೆಯ ಹೆಸರು ಅದರದೇ ಲಿಪಿಯಲ್ಲಿರಲಿ. ಅದರ ಮೆನುವಿನಲ್ಲಿ `Go to section based on answer` ಆರಿಸಿ, ಒಂದೊಂದು ಭಾಷೆಗೆ ಒಂದೊಂದು ವಿಭಾಗ ಮಾಡಿ. ಪ್ರತಿ ಭಾಷೆಯ ವಿಭಾಗದ ಕೊನೆಯಲ್ಲಿ `Submit form` ಎಂದು ಬದಲಿಸಲು ಮರೆಯಬೇಡಿ. ಇಲ್ಲದಿದ್ದರೆ ಕನ್ನಡದಲ್ಲಿ ತುಂಬಿ ಮುಗಿಸಿದವರ ಮುಂದೆ ಹಿಂದಿಯ ಪ್ರಶ್ನೆಗಳು ತೆರೆದುಕೊಳ್ಳುತ್ತವೆ.

ಹೀಗೆ ಮಾಡಿದಾಗ ಶೀಟ್‌ನಲ್ಲಿ ಒಂದೇ ಪ್ರಶ್ನೆಗೆ ಮೂರು ಕಾಲಂ ಬರುತ್ತವೆ. ಭಾಷೆಗೆ ಐದು ಪ್ರಶ್ನೆ ಇದ್ದು, ಕಾಲಂಗಳು ಅದೇ ಕ್ರಮದಲ್ಲಿದ್ದರೆ ಮೊದಲ ಪ್ರಶ್ನೆ ಕನ್ನಡಕ್ಕೆ C, ಹಿಂದಿಗೆ H, ಇಂಗ್ಲಿಷ್‌ಗೆ M ಕಾಲಂನಲ್ಲಿರುತ್ತದೆ. ಒಬ್ಬ ಅತಿಥಿ ಒಂದರಲ್ಲಿ ಮಾತ್ರ ಉತ್ತರಿಸಿರುತ್ತಾರೆ, ಉಳಿದೆರಡು ಖಾಲಿ. ಮೂರನ್ನೂ ಅಂಟಿಸಿ ಮೊದಲ ಅಕ್ಷರ ಮಾತ್ರ ತೆಗೆದುಕೊಂಡರೆ ಆಯಿತು. R2 ಕೋಶದಲ್ಲಿ ಹೀಗೆ ಬರೆಯಿರಿ:

```
=ARRAYFORMULA(LEFT(C2:C&H2:H&M2:M,1))
```

ಆಮೇಲೆ ಬೇರೆ ಟ್ಯಾಬ್‌ನಲ್ಲಿ `COUNTIF` ಬಳಸಿ ಎಷ್ಟು A, ಎಷ್ಟು B ಎಂದು ಎಣಿಸಿಕೊಳ್ಳಿ.

ಬರೆದು ಹೇಳುವ ಪ್ರಶ್ನೆ ಒಂದೇ ಇರಲಿ, ಅದರ ಮೊದಲು ಒಂದು ಆಯ್ಕೆಯ ಪ್ರಶ್ನೆ ಬರಲಿ: "ಒಂದೇ ಒಂದನ್ನು ಬದಲಾಯಿಸಬಹುದಾದರೆ ಯಾವುದನ್ನು?" ಕೋಣೆ, ಸ್ನಾನದ ಮನೆ, ಊಟ, ಮುಖ್ಯ ರಸ್ತೆಯಿಂದ ಬರುವ ದಾರಿ, ನಮ್ಮವರ ನಡವಳಿಕೆ, ಏನೂ ಬೇಡ. ಅದಾದ ಮೇಲೆ "ಅಲ್ಲಿ ಏನಾಯಿತು, ಒಂದೆರಡು ಸಾಲು ಬರೆಯಿರಿ". ಜನ ಹಿಂದಿಯನ್ನೂ ಕನ್ನಡವನ್ನೂ ಇಂಗ್ಲಿಷ್ ಅಕ್ಷರದಲ್ಲೇ ಒತ್ತುತ್ತಾರೆ, ಯಂತ್ರದ ಅನುವಾದ ಅಲ್ಲಿ ಆಗಾಗ ಎಡವುತ್ತದೆ. ಯಾವ ವಿಷಯ ಎಂದು ಮೊದಲೇ ಗೊತ್ತಿದ್ದರೆ ಸಾಲು ಅರ್ಧ ಅರ್ಥವಾದರೂ ಕೆಲಸ ನಡೆಯುತ್ತದೆ, ಓದಿಸಬೇಕಾದ ನಾಲ್ಕೈದು ಸಾಲುಗಳನ್ನು ಮಾತ್ರ ಭಾಷೆ ಬಲ್ಲವರಿಗೆ ಕಳಿಸಿದರೆ ಸಾಕು.

ಪ್ರಶ್ನೆಗಳ ಅನುವಾದವನ್ನು ಒಬ್ಬರಿಂದ ಮಾಡಿಸಿ, ಇನ್ನೊಬ್ಬರಿಂದ ಕನ್ನಡಕ್ಕೆ ತಿರುಗಿಸಿ ನೋಡುವ ರೂಢಿ ಇದೆ. ಕನ್ನಡಕ್ಕೆ ಸರಿಯಾಗಿ ಮರಳಿ ಬಂತು ಎಂದ ಮಾತ್ರಕ್ಕೆ ಹಿಂದಿಯ ವಾಕ್ಯ ಅಲ್ಲಿಯವರಿಗೆ ಸಹಜ ಎಂದಲ್ಲ. ಪದಕ್ಕೆ ಪದ ಇಟ್ಟ ಕೆಟ್ಟ ಅನುವಾದವೇ ತುಂಬ ಚೆನ್ನಾಗಿ ಮರಳಿ ಬರುತ್ತದೆ. ಯೂರೋಪಿನ ಹಲವು ದೇಶಗಳಲ್ಲಿ ಒಂದೇ ಪ್ರಶ್ನಾವಳಿ ನಡೆಸುವ ಯುರೋಪಿಯನ್ ಸೋಷಿಯಲ್ ಸರ್ವೆಯವರು ಇಬ್ಬರಿಂದ ಬೇರೆಬೇರೆ ಅನುವಾದ ಮಾಡಿಸಿ, ಅವರನ್ನು ಕೂರಿಸಿ ವ್ಯತ್ಯಾಸ ಚರ್ಚಿಸುವ ಕ್ರಮ ಇಟ್ಟುಕೊಂಡಿದ್ದಾರೆ. ನಿಮ್ಮ ಐದು ಪ್ರಶ್ನೆಗೆ ಅದು ಅರ್ಧ ಗಂಟೆಯ ಕೆಲಸ. ಇಬ್ಬರ ಮಾತು ಬೇರೆಯಾದ ಕಡೆಯಲ್ಲಿ ಹೆಚ್ಚಾಗಿ ತಪ್ಪು ನಿಮ್ಮ ಕನ್ನಡ ಪ್ರಶ್ನೆಯಲ್ಲೇ ಇರುತ್ತದೆ, ಅದನ್ನೂ ತಿದ್ದಿಕೊಳ್ಳಿ. ಆಮೇಲೆ ಪ್ರತಿ ಭಾಷೆಯ ಇಬ್ಬರು ಮೂವರು ಅತಿಥಿಗಳಿಗೆ ತೋರಿಸಿ, "ಇಲ್ಲಿ ಏನು ಕೇಳಿದ್ದಾರೆ, ನಿಮ್ಮ ಮಾತಿನಲ್ಲಿ ಹೇಳಿ" ಎನ್ನಿ. "ಅರ್ಥವಾಯಿತೇ?" ಎಂದು ಕೇಳಿದರೆ ಎಲ್ಲರೂ ಆಯಿತು ಎನ್ನುತ್ತಾರೆ.

ಲಿಂಕ್ ಅನ್ನು ಬಾಗಿಲಲ್ಲಿ ನಿಂತು ಕೊಡಬೇಡಿ, ಅವರು ಮನೆ ಮುಟ್ಟುವ ಹೊತ್ತಿಗೆ ವಾಟ್ಸಾಪ್‌ನಲ್ಲಿ ಕಳಿಸಿ. ಕಾಫಿ ಕೊಟ್ಟವರ ಎದುರು ಖಾರ ಜಾಸ್ತಿ ಎಂದು ಯಾರೂ ಒತ್ತುವುದಿಲ್ಲ. ಹೆಸರು, ಕೋಣೆ ಸಂಖ್ಯೆ ಕೇಳದಿದ್ದರೆ ಇನ್ನೂ ಒಳ್ಳೆಯದು. ಆದರೆ ಆಗ D ಒತ್ತಿದವರು ಯಾವ ಕೋಣೆಯವರು ಎಂದು ತಿಳಿಯುವುದಿಲ್ಲ, ನಾಲ್ಕೂ ಕೋಣೆಯ ನಲ್ಲಿ ತಿರುಗಿಸಿ ನೋಡಬೇಕಾಗುತ್ತದೆ.

ಸೀಸನ್ನಿನ ನಡುವೆ ಪ್ರಶ್ನೆಯ ಮಾತು ಬದಲಾಯಿಸಬೇಡಿ. ಬದಲಾಯಿಸಿದರೆ ಅದಕ್ಕೆ ಮುಂಚಿನ ಎಣಿಕೆಯ ಜೊತೆ ಹೋಲಿಸಲಾಗದು. ಹೊಸ ಆಯ್ಕೆ ಸೇರಿಸಲೇಬೇಕಾದರೆ ಅದಕ್ಕೆ F ಕೊಡಿ, ತೆಗೆದುಹಾಕಿದ ಆಯ್ಕೆಯ ಅಕ್ಷರವನ್ನು ಮತ್ತೊಂದಕ್ಕೆ ಕೊಡಬೇಡಿ. ಹಳೆಯ ಉತ್ತರಗಳು ಶೀಟ್‌ನಲ್ಲಿ ಹಳೆಯ ಅಕ್ಷರದೊಂದಿಗೇ ಉಳಿದಿರುತ್ತವೆ.