ಬಿಟ್ಟು ಹೋದ ಹುಡುಗಿ ಮತ್ತು ನಲವತ್ತೆರಡು ಹೆಸರುಗಳು

ಸಣ್ಣ ಉದ್ಯಮ ನಡೆಸುವ ಹೆಣ್ಣುಮಕ್ಕಳಿಗೆ ಆಪ್ತಸಲಹೆ ನೀಡುವ ನನ್ನ ಕೆಲಸದಲ್ಲಿ ಒಂದೇ ಬಗೆಯ ದೂರು ಮತ್ತೆ ಮತ್ತೆ ಬರುತ್ತದೆ: ‘ನಾನೇ ಕೈಹಿಡಿದು ಕಲಿಸಿದ ಹುಡುಗಿ ನನ್ನ ಕಸ್ಟಮರ್‌ಗಳನ್ನೇ ಕರೆದುಕೊಂಡು ಹೋದಳು.’ ಅಂಥ ಒಂದು ಪ್ರಕರಣವನ್ನು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ, ಇಲ್ಲಿ ಬರೆಯುತ್ತಿದ್ದೇನೆ. ಆಗ ನಾನು ಕೊಟ್ಟ ಸಲಹೆಯನ್ನು ಕೆಲವು ಹಿತೈಷಿಗಳು ಒಪ್ಪಲಿಲ್ಲ. ಅದನ್ನೇಕೆ ಕೊಟ್ಟೆ ಎಂಬುದನ್ನು ವಿವರಿಸುವುದೂ ನನ್ನ ಉದ್ದೇಶ.

ಮಧ್ಯ ಕರ್ನಾಟಕದ ನಗರವೊಂದರಲ್ಲಿ ಹನ್ನೊಂದು ವರ್ಷಗಳಿಂದ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದ ಮಹಿಳೆ ನನ್ನ ಬಳಿ ಬಂದಿದ್ದರು. ಥ್ರೆಡ್ಡಿಂಗ್‌ನಿಂದ ಕಲಿಕೆ ಆರಂಭಿಸಿ, ಹೇರ್ ಕಲರ್ ಮತ್ತು ಮದುಮಗಳ ಮೇಕಪ್‌ವರೆಗೆ ಬೆಳೆದಿದ್ದ ಅವರ ಸಹಾಯಕಿ, ನಾಲ್ಕು ವರ್ಷಗಳ ನಂತರ ಮೂರೇ ದಿನ ಮುಂಚೆ ತಿಳಿಸಿ ಕೆಲಸ ಬಿಟ್ಟು, ಎರಡು ಬೀದಿ ಆಚೆ ಸ್ವಂತ ಪಾರ್ಲರ್ ತೆರೆದಿದ್ದಳು. ಅದೇ ವಾರ ಹಳೆಯ ಗ್ರಾಹಕರ ವಾಟ್ಸಾಪ್‌ಗೆ ‘ಅಕ್ಕಾ, ಇನ್ಮೇಲೆ ನಾನು ಇಲ್ಲಿದೀನಿ, ಅದೇ ಕೆಲಸ, ರೇಟು ಕಮ್ಮಿ’ ಎಂಬ ಸಂದೇಶ ಹೋಗಿತ್ತು. ಒಡತಿಯ ಚೀಲದಲ್ಲಿ ನೂರು ರೂಪಾಯಿಯ ಛಾಪಾ ಕಾಗದದ ಮೇಲೆ ಬರೆಸಿಕೊಂಡ ಕರಾರು ಪತ್ರವಿತ್ತು. ಬಿಟ್ಟುಹೋದರೆ ಎರಡು ವರ್ಷ ಐದು ಕಿಲೋಮೀಟರ್ ಒಳಗೆ ಪಾರ್ಲರ್ ತೆರೆಯುವಂತಿಲ್ಲ, ತೆರೆದರೆ ಎರಡು ಲಕ್ಷ ದಂಡ ಎಂದು ಅದರಲ್ಲಿತ್ತು. ಹುಡುಗಿಯ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಮೂಲ ಪ್ರತಿಯೂ ಅವರ ಬಳಿಯೇ ಇತ್ತು, ಕೊನೆಯ ತಿಂಗಳ ಸಂಬಳವನ್ನೂ ಅವರು ಕೊಟ್ಟಿರಲಿಲ್ಲ.

ಮೊದಲ ಭೇಟಿಯಲ್ಲೇ ನಾನು ಹೇಳಿದ ಮಾತು ಅವರಿಗೆ ಹಿಡಿಸಲಿಲ್ಲ. 1872ರ ಭಾರತೀಯ ಕರಾರು ಅಧಿನಿಯಮದ 27ನೇ ಕಲಮಿನ ಪ್ರಕಾರ, ಒಬ್ಬರು ತಮ್ಮ ವೃತ್ತಿ ಮಾಡದಂತೆ ತಡೆಯುವ ಕರಾರು ಆ ಮಟ್ಟಿಗೆ ಅನೂರ್ಜಿತ. ಕೆಲಸದಲ್ಲಿರುವಷ್ಟು ಕಾಲ ‘ಬೇರೆ ಕಡೆ ದುಡಿಯಬೇಡ’ ಎನ್ನಬಹುದು. ಬಿಟ್ಟ ಮೇಲೆ ‘ಎದುರುಗಡೆ ಅಂಗಡಿ ತೆಗೆಯಬೇಡ’ ಎಂದರೆ ಅದು ನ್ಯಾಯಾಲಯದಲ್ಲಿ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಎರಡು ಲಕ್ಷವೂ ಹಾಗೆಯೇ. ತರಬೇತಿಗೆಂದು ನಿಜವಾಗಿ ಖರ್ಚಾದ ಹಣವನ್ನು, ಮೊದಲೇ ಬರೆಸಿಕೊಂಡು, ರಸೀದಿ ಇಟ್ಟುಕೊಂಡಿದ್ದರೆ ನ್ಯಾಯವಾದ ಮಟ್ಟಿಗೆ ಕೇಳಬಹುದಿತ್ತು. ಈ ಒಡತಿ ಹುಡುಗಿಯನ್ನು ಬೆಂಗಳೂರಿಗೆ ಹತ್ತು ದಿನಗಳ ಮೇಕಪ್ ಕೋರ್ಸಿಗೆ ಕಳಿಸಿದ್ದು ನಿಜವಾದರೂ ಆ ಶುಲ್ಕದ ಮಾತು ಪತ್ರದಲ್ಲಿ ಎಲ್ಲಿಯೂ ಇರಲಿಲ್ಲ.

ಅಂಕಪಟ್ಟಿಯನ್ನು ಹಿಂತಿರುಗಿಸಿ, ಸಂಬಳ ಕೊಟ್ಟುಬಿಡಿ ಎಂದೆ. ಬಿಟ್ಟುಹೋದವರ ಬಾಕಿಯನ್ನು ಎರಡು ಕೆಲಸದ ದಿನಗಳೊಳಗೆ ತೀರಿಸಬೇಕೆಂದು ವೇತನ ಸಂಹಿತೆಯೇ ಹೇಳುತ್ತದೆ. ‘ನೀವು ಅವಳ ಕಡೆಯವರಾ?’ ಎಂದು ಅವರು ಕೇಳಿದರು. ಅಲ್ಲ. ಆದರೆ ಬೇರೆಯವರ ಕಾಗದವನ್ನು ಒತ್ತೆಯಿಟ್ಟುಕೊಂಡವರು ನೋಟಿಸು ಕಳಿಸಿದರೆ, ಉತ್ತರದಲ್ಲಿ ಅವರ ತಪ್ಪೇ ಮೊದಲ ಸಾಲಾಗಿ ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ಹಾಗೆ ಒತ್ತೆಯಿಡುವುದೇ ಅನ್ಯಾಯ ಎಂದು ನಾನು ನಂಬುತ್ತೇನೆ, ಮತ್ತು ಅದನ್ನು ಅವರಿಗೆ ಮುಚ್ಚಿಡಲಿಲ್ಲ.

ಪ್ರಕರಣ ತಿರುಗಿದ್ದು ಮೂರನೆಯ ಭೇಟಿಯಲ್ಲಿ. ಅಪಾಯಿಂಟ್‌ಮೆಂಟ್ ಪುಸ್ತಕ ತರಲು ಹೇಳಿದ್ದೆ. ರಟ್ಟು ಕಿತ್ತುಬಂದ, ಅಂಚಿನಲ್ಲಿ ಮೆಹಂದಿಯ ಕಲೆಯಿದ್ದ ಉದ್ದನೆಯ ಪುಸ್ತಕ ಅದು. ಆರು ತಿಂಗಳಲ್ಲಿ ಎರಡು ಸಲಕ್ಕಿಂತ ಹೆಚ್ಚು ಬಂದು, ಆ ಹುಡುಗಿಯ ಕೈಯಲ್ಲೇ ಕೆಲಸ ಮಾಡಿಸಿಕೊಂಡವರ ಹೆಸರುಗಳ ಕೆಳಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆಯುತ್ತಾ ಹೋದೆವು. ನಲವತ್ತೆರಡು ಹೆಸರುಗಳಾದವು. ಅದರಲ್ಲೊಬ್ಬರು ನಿವೃತ್ತ ಶಿಕ್ಷಕಿ, ತಿಂಗಳಿಗೊಮ್ಮೆ ಬಣ್ಣ ಹಚ್ಚಿಸಿಕೊಳ್ಳುವವರು. ‘ಇವರು ನಾಳೆ ಬಂದರೆ ಯಾವ ಶೇಡ್ ಹಚ್ಚುತ್ತೀರಿ?’ ಎಂದು ಕೇಳಿದೆ. ಒಡತಿ ಪುಟ ತಿರುವಿದರು, ಹಿಂದಿನ ಪುಟ ನೋಡಿದರು. ಪುಸ್ತಕದಲ್ಲಿ ‘ಕಲರ್, 1200’ ಎಂದಷ್ಟೇ ಇತ್ತು.

‘ಅದು ಅವಳಿಗೇ ಗೊತ್ತು ಮೇಡಂ, ಅವಳ ಫೋನಲ್ಲಿ ಬರ್ಕೊಂಡಿರ್ತಿದ್ಲು’ ಎಂದರು. ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

ಆ ಶಿಕ್ಷಕಿ ಹುಡುಗಿಯ ಹಿಂದೆ ಹೋದದ್ದು ವಿಶ್ವಾಸದ್ರೋಹವೇನೂ ಅಲ್ಲ. ಅವರ ತಲೆಯಲ್ಲಿ ಬಿಳಿಗೂದಲು ಎಷ್ಟು, ಯಾವ ನಂಬರಿನ ಬಣ್ಣ, ಡೆವಲಪರ್ ಆರು ಪರ್ಸೆಂಟಿನದೋ ಒಂಬತ್ತರದೋ, ಎಷ್ಟಕ್ಕೆ ಎಷ್ಟು ಬೆರೆಸಬೇಕು, ಎಷ್ಟು ನಿಮಿಷ ಬಿಡಬೇಕು, ಕಿವಿಯ ಹಿಂದೆ ಪ್ಯಾಚ್ ಟೆಸ್ಟ್ ಮಾಡಿದಾಗ ತುರಿಕೆ ಬಂದಿತ್ತೇ, ಇವೆಲ್ಲ ಒಬ್ಬಳ ನೆನಪಿನಲ್ಲೂ ಒಬ್ಬಳ ಫೋನಿನಲ್ಲೂ ಮಾತ್ರ ಉಳಿದಿದ್ದವು. ಬುಕಿಂಗ್ ಕೂಡ ಅವಳ ಸ್ವಂತ ನಂಬರಿಗೇ ಬರುತ್ತಿತ್ತು. ಗ್ರಾಹಕರು ಯಾರ ಸ್ವತ್ತೂ ಅಲ್ಲ. ಕೆಲಸದ ದಾಖಲೆ ಮತ್ತು ದೂರವಾಣಿ ಸಂಖ್ಯೆ ಮಾತ್ರ ಅಂಗಡಿಯದು, ಮತ್ತು ಅವೆರಡನ್ನೂ ಈ ಅಂಗಡಿ ಎಂದೂ ತನ್ನದಾಗಿ ಇಟ್ಟುಕೊಂಡಿರಲಿಲ್ಲ.

ಅಲ್ಲಿಂದ ಸಲಹೆ ಸ್ಪಷ್ಟವಾಯಿತು. ನಲವತ್ತೆರಡು ಮಂದಿಗೂ ಒಡತಿ ತಾವೇ ಫೋನ್ ಮಾಡಬೇಕು. ಸಂದೇಶ ಕಳಿಸಿದರೆ ಸಾಲದು. ಹುಡುಗಿ ಬಿಟ್ಟದ್ದನ್ನು ಮರೆಮಾಚದೆ, ಅವಳ ಬಗ್ಗೆ ಒಂದು ಕೆಟ್ಟ ಮಾತೂ ಆಡದೆ, ‘ಇನ್ನು ನಿಮ್ಮ ಕೆಲಸ ನಾನೇ ನೋಡಿಕೊಳ್ಳುತ್ತೇನೆ, ಮೊದಲ ಸಲ ಬಣ್ಣ ಸರಿಹೋಗದಿದ್ದರೆ ಒಂದು ವಾರದೊಳಗೆ ಹಣವಿಲ್ಲದೆ ಸರಿಮಾಡುತ್ತೇನೆ’ ಎಂದು ಹೇಳಬೇಕು. ದರ ಇಳಿಸಬಾರದು, ಏಕೆಂದರೆ ಎರಡು ಕುರ್ಚಿಯ ಹೊಸ ಅಂಗಡಿಯ ಬಾಡಿಗೆಯೂ ಖರ್ಚೂ ಕಡಿಮೆ. ದರದ ಜಗ್ಗಾಟದಲ್ಲಿ ಸೋಲುವುದು ಹಳೆಯ ಅಂಗಡಿಯೇ. ಪಾರ್ಲರ್ ಒಡತಿಯರ ಗುಂಪಿನಲ್ಲಿ ಹುಡುಗಿಯನ್ನು ಕಳ್ಳಿ ಎಂದು ಬರೆಯುವ ಯೋಚನೆಯನ್ನೂ ಕೈಬಿಡಿಸಿದೆ, ಅದು ಮಾನನಷ್ಟದ ದೂರಿಗೆ ದಾರಿ.

ಆದರೆ ಎಲ್ಲವನ್ನೂ ಸಹಿಸಿಕೊಳ್ಳಿ ಎಂದು ನಾನು ಹೇಳಲಿಲ್ಲ. ತಾನು ಅಂಗಡಿ ತೆರೆದಿದ್ದೇನೆಂದು ಹೇಳಿಕೊಳ್ಳುವುದು ಆ ಹುಡುಗಿಯ ಹಕ್ಕು. ಹಳೆಯ ಪಾರ್ಲರ್ ಮುಚ್ಚುತ್ತಿದೆ ಎಂದು ಸುಳ್ಳು ಹೇಳುವುದು ಹಕ್ಕಲ್ಲ. ಫೋನ್ ಮಾಡುತ್ತಾ ಹೋದಾಗ ಇಬ್ಬರು ಗ್ರಾಹಕರು ಆ ಸುಳ್ಳನ್ನೇ ಕೇಳಿದ್ದಾಗಿ ತಿಳಿಸಿದರು, ಒಬ್ಬರ ಬಳಿ ದಿನಾಂಕ ಸಹಿತ ಸಂದೇಶವೂ ಇತ್ತು. ಅದರ ಸ್ಕ್ರೀನ್‌ಶಾಟ್ ಇಟ್ಟುಕೊಂಡು, ಅಷ್ಟೊಂದೇ ವಿಷಯಕ್ಕೆ ವಕೀಲರಿಂದ ಚಿಕ್ಕ ನೋಟಿಸು ಕೊಡಿಸಿದೆವು. ಎರಡು ಲಕ್ಷದ ಮಾತನ್ನು ಅದರಲ್ಲಿ ಸೇರಿಸಲಿಲ್ಲ. ಮುಚ್ಚುವ ಮಾತು ಆಮೇಲೆ ಕೇಳಿಬರಲಿಲ್ಲ.

ನಾಲ್ಕು ತಿಂಗಳ ನಂತರ ಲೆಕ್ಕ ಹಾಕಿದಾಗ ಹತ್ತೊಂಬತ್ತು ಮಂದಿ ಹಿಂತಿರುಗಿದ್ದರು, ಏಳು ಮಂದಿ ಎರಡೂ ಕಡೆ ಹೋಗುತ್ತಿದ್ದರು, ಉಳಿದವರು ಬರಲಿಲ್ಲ. ಮದುಮಗಳ ಮೇಕಪ್‌ಗೆ ಮಾತಾಡಿಕೊಂಡಿದ್ದ ಕುಟುಂಬಗಳಲ್ಲಿ ಹೆಚ್ಚಿನವು ಹುಡುಗಿಯ ಕಡೆಗೇ ಹೋದವು. ಆ ಕೆಲಸದಲ್ಲಿ ಜನ ಅಂಗಡಿಯನ್ನಲ್ಲ, ಕೈಯನ್ನು ನಂಬುತ್ತಾರೆ. ಮುಂಗಡ ಕೊಟ್ಟಿದ್ದವರಿಗೆ ಅದನ್ನು ಜಗಳವಿಲ್ಲದೆ ಹಿಂತಿರುಗಿಸಲು ಹೇಳಿದೆ. ಒಡತಿಗೆ ಅದು ನುಂಗಲಾರದ ತುತ್ತಾಯಿತು.

ಕೊನೆಯ ಭೇಟಿಗೆ ಅವರು ಒಂದು ತಗಡಿನ ಡಬ್ಬಿ ತಂದಿದ್ದರು. ಒಳಗೆ ಗಟ್ಟಿ ಕಾಗದದ ಕಾರ್ಡುಗಳು, ಒಬ್ಬೊಬ್ಬ ಗ್ರಾಹಕಿಗೆ ಒಂದೊಂದು. ಶಿಕ್ಷಕಿಯ ಕಾರ್ಡಿನಲ್ಲಿ ಬಣ್ಣದ ನಂಬರು, ಒಂದಕ್ಕೆ ಒಂದೂವರೆ ಡೆವಲಪರ್, ಮೂವತ್ತೈದು ನಿಮಿಷ ಎಂದಿತ್ತು. ಪ್ರತಿ ಸಾಲಿನ ಕೊನೆಯಲ್ಲಿ ಇಬ್ಬರ ಸಹಿ: ಕೆಲಸ ಮಾಡಿದವಳದು, ಪಕ್ಕದಲ್ಲಿ ನಿಂತು ನೋಡಿದವಳದು. ಬುಕಿಂಗ್‌ಗೆ ಅಂಗಡಿಯದೇ ನಂಬರು ಬಂದಿತ್ತು, ಆ ಫೋನು ರಾತ್ರಿ ಗಲ್ಲಾದಲ್ಲೇ ಉಳಿಯುತ್ತಿತ್ತು. ಹೊಸದಾಗಿ ಸೇರಿದ ಹುಡುಗಿಯನ್ನು ಕೋರ್ಸಿಗೆ ಕಳಿಸುವ ಮುನ್ನ ಬರೆಸಿದ ಪತ್ರವನ್ನೂ ತೋರಿಸಿದರು. ಶುಲ್ಕ ಎಷ್ಟೋ ಅಷ್ಟೇ ಮೊತ್ತ, ಪ್ರತಿ ತಿಂಗಳ ಕೆಲಸಕ್ಕೂ ಅದರ ಹನ್ನೆರಡನೆಯ ಒಂದು ಪಾಲು ಮನ್ನಾ, ಬಿಡುವುದಾದರೆ ಮೂವತ್ತು ದಿನ ಮುಂಚೆ ತಿಳಿಸಬೇಕು. ಕಿಲೋಮೀಟರಿನ ಮಾತು ಅದರಲ್ಲಿರಲಿಲ್ಲ. ಅಂಕಪಟ್ಟಿ ಕೇಳಿದಿರಾ ಎಂದೆ. ‘ಜೆರಾಕ್ಸ್ ಸಾಕು ಅಂದೆ ಮೇಡಂ’ ಎಂದರು.