‘ಕುರುಹು ಕಂಡುಬಂದಿಲ್ಲ’ ಎಂದರೆ ಅಸಲಿ ಎಂದೇ?

ಜಮೀನು ವ್ಯಾಜ್ಯದಲ್ಲಿ ಎದುರು ಪಕ್ಷದವರು ವಾಟ್ಸ್‌ಆ್ಯಪ್‌ನಲ್ಲಿ ಬಂದ ರಸೀದಿಯ ಫೋಟೊ ಹಾಜರುಪಡಿಸಿದ್ದಾರೆ. ತಜ್ಞರ ವರದಿಯಲ್ಲಿ ‘ತಿದ್ದುಪಡಿಯ ಕುರುಹು ಕಂಡುಬಂದಿಲ್ಲ’ ಎಂದಿದೆ. ಹಾಗಾದರೆ ಫೋಟೊ ಅಸಲಿಯೇ?

ಹಾಗೇನೂ ಇಲ್ಲ. ಇಂಥ ವರದಿ ಬರೆಯುವುದೇ ನನ್ನ ಕಸುಬು. ಆ ವಾಕ್ಯವನ್ನು ಎಷ್ಟೋ ಸಲ ಬರೆದಿದ್ದೇನೆ. ಹುಡುಕಿದೆ, ಸಿಗಲಿಲ್ಲ ಎಂದಷ್ಟೇ ಅದರ ಅರ್ಥ. ಸಿಗುವ ಸ್ಥಿತಿಯಲ್ಲಿತ್ತೇ ಎಂಬುದನ್ನು ‘ಮಿತಿಗಳು’ ಎಂಬ ಭಾಗದಲ್ಲಿ ನೋಡಬೇಕು. ವಕೀಲರು ಓದದೆ ಮಗುಚುವ ಪುಟ ಸಾಮಾನ್ಯವಾಗಿ ಅದೇ.

ಫೋಟೊ ಜೆಪೆಗ್ ಆಗಿ ಉಳಿಯುವಾಗ ಎಂಟಕ್ಕೆಂಟು ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು, ಒಂದೊಂದು ಚೌಕವೂ ಬೇರೆಬೇರೆಯಾಗಿ ಕುಗ್ಗುತ್ತದೆ. ಲೆಕ್ಕದ ಪುಸ್ತಕದ ಹಾಳೆಯಂತೆ ಇಡೀ ಚಿತ್ರಕ್ಕೆ ನಸುವಾದ ಚೌಕುಳಿ ಬೀಳುತ್ತದೆ. ಬೇರೆಡೆಯಿಂದ ಒಂದು ತುಣುಕು ತಂದು ಅಂಟಿಸಿದರೆ ಅದರ ಹಳೆಯ ಚೌಕುಳಿ ಸುತ್ತಲಿನದಕ್ಕೆ ಕೂಡಿಬರುವುದು ಅಪರೂಪ. ಸಾಧ್ಯವಿರುವ 64 ಸ್ಥಾನಗಳಲ್ಲಿ ಒಂದು ಮಾತ್ರ ಸರಿಹೊಂದುತ್ತದೆ.

ನನ್ನ ಮುಂದೆ ಬಂದಿದ್ದ ಒಂದು ರಸೀದಿಯಲ್ಲಿ ಮೊತ್ತ 80,000 ಎಂದಿತ್ತು. ಕೊಟ್ಟಿದ್ದು 30,000 ಎಂಬುದು ತಕರಾರು. ಮೊದಲು ಸಿಕ್ಕಿದ್ದು ವಾಟ್ಸ್‌ಆ್ಯಪ್ ಪ್ರತಿ, 1600×1200 ಪಿಕ್ಸೆಲ್. ಕ್ಯಾಮೆರಾ ಬರೆದಿಟ್ಟ ಮಾಹಿತಿ ಒಂದಿಷ್ಟೂ ಉಳಿದಿರಲಿಲ್ಲ. ಚಿತ್ರದ ಅಳತೆ ಇಳಿದು ಮತ್ತೆ ಕುಗ್ಗಿದ್ದರಿಂದ ಹಳೆಯ ಚೌಕುಳಿಯೂ ಕಲಸಿಹೋಗಿತ್ತು. ‘ಕುರುಹು ಕಂಡುಬಂದಿಲ್ಲ, ಇದ್ದ ಕುರುಹು ಅಳಿಸಿಹೋಗಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು, ಅಸಲಿತನದ ಬಗ್ಗೆ ಅಭಿಪ್ರಾಯ ನೀಡಲಾಗದು’ ಎಂದು ಬರೆದೆ.

ಆಮೇಲೆ ನ್ಯಾಯಾಲಯದ ಆದೇಶದಂತೆ, ಚಿತ್ರ ಕಳುಹಿಸಿದವರ ಫೋನೇ ಪರೀಕ್ಷೆಗೆ ಬಂತು. ಅದರಲ್ಲಿ ಅದೇ ಚಿತ್ರ 4000×3000 ಅಳತೆಯಲ್ಲಿತ್ತು. ‘8’ ಅಂಕೆಯ ಸುತ್ತ ಉಗುರಿನಷ್ಟು ಜಾಗದಲ್ಲಿ ಚೌಕುಳಿ ಮೂರು ಪಿಕ್ಸೆಲ್ ಬಲಕ್ಕೆ, ಐದು ಪಿಕ್ಸೆಲ್ ಕೆಳಕ್ಕೆ ಸರಿದಿತ್ತು. ಉಳಿದ ಕಡೆ ಎಲ್ಲೂ ಇಲ್ಲ. ಆಗಲೂ ‘ನಕಲಿ’ ಎಂದು ಬರೆಯಲಿಲ್ಲ. ‘ಈ ಭಾಗವನ್ನು ಅಂಟಿಸಲಾಗಿದೆ ಎಂಬುದನ್ನು ಪರೀಕ್ಷೆ ಬಲವಾಗಿ ಬೆಂಬಲಿಸುತ್ತದೆ, ಅಂಟಿಸದೆ ಇಂಥ ಗುರುತು ಮೂಡುವ ಸಂಭವ ತೀರ ಕಡಿಮೆ’ ಎಂದೆ. ಶೇಕಡಾ ಎಷ್ಟು ಎಂದು ವಕೀಲರು ಪಟ್ಟು ಹಿಡಿದರು. ಅಳೆಯದ ಅಂಕಿಯನ್ನು ಹೇಳಲು ನಾನು ಒಪ್ಪಲಿಲ್ಲ. ಯಾರು ಅಂಟಿಸಿದರು ಎಂಬುದಂತೂ ಪಿಕ್ಸೆಲ್‌ಗಳಿಂದ ತಿಳಿಯುವುದಿಲ್ಲ.

ಆದ್ದರಿಂದ ಫೋಟೊ ತೆಗೆದ ಫೋನನ್ನು, ಕಳುಹಿಸಿದ ಫೋನನ್ನು ತರಿಸುವಂತೆ ನಿಮ್ಮ ವಕೀಲರ ಮೂಲಕ ಅರ್ಜಿ ಹಾಕಿಸಿ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಕೊಡುವ ಪ್ರಮಾಣಪತ್ರದಲ್ಲಿ ಕಡತದ ಬೆರಳಚ್ಚಿನಂತಿರುವ ಹ್ಯಾಶ್ ಸಂಖ್ಯೆ ಇರುತ್ತದೆ. ಪರೀಕ್ಷೆಗೆ ಹೋದ ಕಡತದ ಹ್ಯಾಶ್ ಅದೇ ಆಗಿದೆಯೇ ಎಂದು ನೋಡಿ.

ಕಾಗದದ ಮೇಲೆಯೇ ಪೆನ್ನಿನಿಂದ ಮೂರನ್ನು ಎಂಟು ಮಾಡಿ ಫೋಟೊ ತೆಗೆದಿದ್ದರೆ, ಫೋಟೊ ಅಸಲಿಯೇ ಆಗಿರುತ್ತದೆ, ನಾನು ಎಷ್ಟು ತಡಕಾಡಿದರೂ ಏನೂ ಸಿಗುವುದಿಲ್ಲ. ಅದನ್ನು ಕಂಡುಹಿಡಿಯಲು ದಸ್ತಾವೇಜು ಪರೀಕ್ಷಕರ ಕೈಗೆ ಮೂಲ ರಸೀದಿಯೇ ಸಿಗಬೇಕು.